ಇಪ್ಪತ್ನಾಲ್ಕಾದ ಮೇಲೆ ಇಪ್ಪತ್ತೆಂಟು

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ನಾನೊಂದು ಥರ್ಮಾಮೀಟರ್ ಕಟ್ಟಿದ್ದೆ. ಲೆಕ್ಕ ಮಾಡಲು ಒಂದು ಎಟಿಮೆಗಾ8 ಚಿಪ್, ಶಾಖ ಅಳೆಯಲು ಎಲ್‌ಎಂ35 ಸೆನ್ಸರ್, ಅಂಕಿ ತೋರಿಸಲು ಎರಡು ಕೆಂಪು ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ, ಅವುಗಳ ಹಿಂದೆ ಒಂದೊಂದು 7447 ಚಿಪ್. ಇಷ್ಟೇ ಸಾಮಾನು. ಬೆಳಗಿನ ಜಾವ ಹಾಸ್ಟೆಲ್ ಕೋಣೆಯಲ್ಲಿ ಆನ್ ಮಾಡಿದಾಗ 22 ತೋರಿಸಿತು. ಬಿಸಿಲೇರಿದಂತೆ 23 ಆಯಿತು, 24 ಆಯಿತು. ಪಕ್ಕದಲ್ಲಿಟ್ಟಿದ್ದ ಪಾದರಸದ ಥರ್ಮಾಮೀಟರೂ ಅದನ್ನೇ ಹೇಳುತ್ತಿತ್ತು. ಸಂತೋಷದಿಂದ ತಿಂಡಿಗೆ ಹೋಗಿ ಬಂದು ನೋಡುತ್ತೇನೆ, ನನ್ನದು 28 ಎನ್ನುತ್ತಿದೆ. ಪಾದರಸ ಮಾತ್ರ 25ರಲ್ಲೇ ನಿಂತಿದೆ.

ಮಧ್ಯಾಹ್ನದ ಹೊತ್ತಿಗೆ ಅದು 29 ಆಯಿತು. ಆಮೇಲೆ ಬಿಡಿ ಸ್ಥಾನದಲ್ಲಿ ಅಂಕಿಯೇ ಮಾಯವಾಗಿ, ಅರ್ಧಂಬರ್ಧ ಗೀಟುಗಳ ಯಾವುದೋ ಆಕಾರ ಉರಿಯತೊಡಗಿತು. ಸೆನ್ಸರನ್ನು ಎರಡು ಬೆರಳಲ್ಲಿ ಹಿಡಿದು ಬಿಸಿ ಮಾಡಿದರೆ ಇನ್ನೂ ವಿಚಿತ್ರ. 30 ದಾಟಿದ್ದೇ ತಡ, ಮತ್ತೆ ಎಲ್ಲ ಸರಿ. 31, 32, 33 ಎಂದು ಒಂದೊಂದಾಗಿ ಏರಿತು. ಸೆನ್ಸರ್ ಕೆಟ್ಟಿದೆಯೆಂದು ಬೇರೆಯದು ಹಾಕಿದೆ. ಬೆಸುಗೆ ಸಡಿಲವಾಗಿದೆಯೆಂದು ಮತ್ತೆ ಬೆಸುಗೆ ಹಾಕಿದೆ. ಏನೂ ಬದಲಾಗಲಿಲ್ಲ. ಲ್ಯಾಬಿಗೆ ಹೊತ್ತುಕೊಂಡು ಹೋಗಿ, "ಸರ್, 24ರ ತನಕ ಸರಿಯಾಗಿರ್ತದೆ. 25 ಆದ್ರೆ 28 ಅಂತ ತೋರಿಸ್ತದೆ" ಎಂದೆ. ಮೇಷ್ಟ್ರು ಸೆನ್ಸರಿನ ಕಡೆ ತಿರುಗಿಯೂ ನೋಡಲಿಲ್ಲ. "ಐದಕ್ಕೆ ಮೂರು ಸೇರಿದ್ರೆ ಎಷ್ಟಪ್ಪ?" ಎಂದು ಕೇಳಿ ಸುಮ್ಮನಾದರು.

ಆ ಒಂದೇ ಪ್ರಶ್ನೆಯಲ್ಲಿ ಇಡೀ ಕಥೆ ಇತ್ತು. ಚಿಪ್‌ನೊಳಗಿನ ಸಂಖ್ಯೆಯನ್ನು ನಾವು ಓದುವ ಅಂಕಿಗಳಾಗಿ ಬದಲಿಸಲು ನಾನು ಬಳಸಿದ್ದು 'ಸರಿಸು, ಮೂರು ಕೂಡಿಸು' ಎಂಬ ವಿಧಾನ. ಅದರ ಇನ್ನೊಂದು ಹೆಸರು ಡಬಲ್ ಡ್ಯಾಬಲ್. ಪುಸ್ತಕ ನೋಡಿ ಬರೆದುಕೊಂಡಿದ್ದೆನೇ ಹೊರತು ಆ ಮೂರು ಅಲ್ಲಿ ಏಕಿದೆ ಎಂದು ಕೇಳಿಕೊಂಡಿರಲಿಲ್ಲ.

ಚಿಪ್‌ನ ಲೆಕ್ಕ, ನಮ್ಮ ಲೆಕ್ಕ

ನಾವು ಸಂಖ್ಯೆಯನ್ನು ಬಿಡಿ, ಹತ್ತು, ನೂರು ಎಂದು ಸ್ಥಾನ ಹಾಕಿ ಬರೆಯುತ್ತೇವೆ. ಚಿಪ್‌ಗೆ ಗೊತ್ತಿರುವುದು ಸೊನ್ನೆ, ಒಂದು ಎರಡೇ. ಅದರ ಸ್ಥಾನಗಳು ಬಲದಿಂದ ಎಡಕ್ಕೆ 1, 2, 4, 8, 16 ಹೀಗೆ ದುಪ್ಪಟ್ಟಾಗುತ್ತ ಹೋಗುತ್ತವೆ. ಇಪ್ಪತ್ತೈದು ಎಂದರೆ ಅದಕ್ಕೆ 16, 8 ಮತ್ತು 1 ಸೇರಿದ ಮೊತ್ತ. ಎಂಟು ಬಿಟ್‌ಗಳ ಒಂದು ಬೈಟಿನಲ್ಲಿ ಅದನ್ನು 00011001 ಎಂದು ಇಟ್ಟುಕೊಳ್ಳುತ್ತದೆ.

ಡಿಸ್‌ಪ್ಲೇ ಹಿಂದಿನ 7447ಕ್ಕೆ ಇಷ್ಟು ದೊಡ್ಡ ಸಂಖ್ಯೆ ಬೇಕಿಲ್ಲ. ಅದು ನಾಲ್ಕು ತಂತಿಗಳಲ್ಲಿ ಬರುವ ಒಂದು ಅಂಕಿಯನ್ನು ಮಾತ್ರ ಓದುತ್ತದೆ. 0101 ಬಂದರೆ ಐದು ಕಾಣುವಂತೆ ಗೀಟುಗಳನ್ನು ಉರಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. 00011001 ಎಂಬುದನ್ನು ಹಾಗೆಯೇ ಎರಡು ತುಂಡು ಮಾಡಿ ಎರಡು 7447ಗಳಿಗೆ ಕೊಟ್ಟರೆ, ಎಡಗಡೆಯದು 0001 ನೋಡಿ 1 ತೋರಿಸುತ್ತದೆ, ಬಲಗಡೆಯದು 1001 ನೋಡಿ 9 ತೋರಿಸುತ್ತದೆ. ಇಪ್ಪತ್ತೈದು ಡಿಗ್ರಿ ಶಾಖ ಹತ್ತೊಂಬತ್ತು ಎಂದು ಕಾಣುತ್ತದೆ.

ಆದ್ದರಿಂದ ಡಿಸ್‌ಪ್ಲೇಗೆ ಕಳಿಸುವ ಮೊದಲು ಸಂಖ್ಯೆಯನ್ನು ಬೇರೆ ರೂಪಕ್ಕೆ ತರಬೇಕು. ಹತ್ತರ ಸ್ಥಾನದ 2ಕ್ಕೆ ನಾಲ್ಕು ಬಿಟ್, ಬಿಡಿ ಸ್ಥಾನದ 5ಕ್ಕೆ ನಾಲ್ಕು ಬಿಟ್, ಒಟ್ಟು 0010 0101. ಪ್ರತಿ ಅಂಕಿಗೂ ಒಂದೊಂದು ನಾಲ್ಕು ಬಿಟ್‌ನ ಮನೆ ಕೊಡುವ ಈ ಬರವಣಿಗೆಗೆ ಬಿಸಿಡಿ ಎನ್ನುತ್ತಾರೆ. ಆ ಮನೆಗೆ ನಿಬ್ಬಲ್ ಎಂದು ಹೆಸರು.

ಕಾಗದದ ಮೇಲಾದರೆ ಹತ್ತರಿಂದ ಭಾಗಿಸಿ, ಶೇಷವನ್ನು ಬಿಡಿ ಸ್ಥಾನದಲ್ಲಿ ಬರೆಯುತ್ತಿದ್ದೆವು. ಆದರೆ ಎಟಿಮೆಗಾ8ರ ಅಸೆಂಬ್ಲಿಯಲ್ಲಿ ಭಾಗಾಕಾರದ ಆಜ್ಞೆಯೇ ಇಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಬಿಟ್‌ಗಳನ್ನು ಒಂದು ಮನೆ ಎಡಕ್ಕೋ ಬಲಕ್ಕೋ ಸರಿಸುವುದು ಇವೆ. ಎಡಕ್ಕೆ ಸರಿಸುವುದೆಂದರೆ ದುಪ್ಪಟ್ಟು ಮಾಡುವುದು. ನಮ್ಮ ಸಂಖ್ಯೆಗೆ ಬಲಗಡೆ ಒಂದು ಸೊನ್ನೆ ಸೇರಿಸಿದರೆ ಹತ್ತು ಪಟ್ಟಾಗುವಂತೆ, ಬೈನರಿಯಲ್ಲಿ ಸೊನ್ನೆ ಸೇರಿಸಿದರೆ ಎರಡು ಪಟ್ಟಾಗುತ್ತದೆ. ಈ ಸರಿಸಾಟವೇ ಇಲ್ಲಿ ಭಾಗಾಕಾರದ ಕೆಲಸ ಮಾಡುತ್ತದೆ.

ದುಪ್ಪಟ್ಟು ಮಾಡು, ಮುಂದಿನ ಬಿಟ್ ಸೇರಿಸು

00011001 ಎಂಬುದನ್ನು ಎಡದಿಂದ ಒಂದೊಂದೇ ಬಿಟ್ ಓದುತ್ತ ಬನ್ನಿ. ಕೈಯಲ್ಲಿ ಸೊನ್ನೆ ಇಟ್ಟುಕೊಂಡು ಹೊರಡಿ. ಪ್ರತಿ ಸಲವೂ ಕೈಯಲ್ಲಿರುವುದನ್ನು ದುಪ್ಪಟ್ಟು ಮಾಡಿ, ಓದಿದ ಬಿಟ್ಟನ್ನು ಅದಕ್ಕೆ ಕೂಡಿಸಿ. ಮೊದಲ ಮೂರು ಸೊನ್ನೆಗಳಲ್ಲಿ ಏನೂ ಆಗುವುದಿಲ್ಲ. ಆಮೇಲೆ 1 ಬರುತ್ತದೆ, ಕೈಯಲ್ಲಿ 1. ಮತ್ತೆ 1, ಒಂದರ ದುಪ್ಪಟ್ಟಿಗೆ ಒಂದು ಸೇರಿ 3. ಮುಂದಿನದು 0, ಈಗ 6. ಮತ್ತೆ 0, ಈಗ 12. ಕೊನೆಯದು 1, ಹನ್ನೆರಡರ ದುಪ್ಪಟ್ಟು ಇಪ್ಪತ್ನಾಲ್ಕು, ಜೊತೆಗೆ ಒಂದು, 25.

ಲೆಕ್ಕ ಮಾಡುವಾಗ ನೀವು 12 ಎಂದದ್ದು ಹತ್ತರ ಸ್ಥಾನದಲ್ಲಿ ಒಂದು, ಬಿಡಿ ಸ್ಥಾನದಲ್ಲಿ ಎರಡು ಎಂದೇ. ಅಂದರೆ ಬೈನರಿ ಬಿಟ್‌ಗಳನ್ನು ಓದುತ್ತಲೇ ದುಪ್ಪಟ್ಟನ್ನು ಮಾತ್ರ ನಮ್ಮ ಪದ್ಧತಿಯಲ್ಲಿ ಮಾಡಿದಿರಿ. ಕೊನೆಯಲ್ಲಿ ಭಾಗಿಸುವ ಅಗತ್ಯವೇ ಬರಲಿಲ್ಲ, ಉತ್ತರ ಬಿಡಿ–ಹತ್ತುಗಳಾಗಿಯೇ ಬೆಳೆದು ಬಂತು. ಬಿಸಿಡಿ ರೂಪದ ಸಂಖ್ಯೆಯನ್ನು ಸರಿಯಾಗಿ ದುಪ್ಪಟ್ಟು ಮಾಡಲು ಚಿಪ್‌ಗೆ ಕಲಿಸಿಬಿಟ್ಟರೆ ಕೆಲಸ ಮುಗಿದಂತೆ.

ಚಿಕ್ಕ ಅಂಕಿಗಳಿಗೆ ಬರಿಯ ಸರಿಸಾಟ ಸಾಕು. 3 ಎಂದರೆ 0011, ಎಡಕ್ಕೆ ಸರಿಸಿದರೆ 0110, ಅಂದರೆ 6. ಸರಿಯಾಗಿದೆ. ಆದರೆ 6ನ್ನು ಸರಿಸಿ ನೋಡಿ. 0110 ಹೋಗಿ 1100 ಆಗುತ್ತದೆ. ಅದು ಹನ್ನೆರಡೇ ಹೌದು, ಆದರೆ ಹನ್ನೆರಡೂ ಒಂದೇ ನಿಬ್ಬಲ್‌ನಲ್ಲಿ ಕೂತಿದೆ. ನಮಗೆ ಬೇಕಾದದ್ದು ಹತ್ತರ ಮನೆಯಲ್ಲಿ 0001, ಬಿಡಿ ಮನೆಯಲ್ಲಿ 0010.

ನಾಲ್ಕು ಬಿಟ್‌ಗಳಲ್ಲಿ ಸೊನ್ನೆಯಿಂದ ಹದಿನೈದರವರೆಗೆ ಹದಿನಾರು ಸಂಖ್ಯೆಗಳು ಹಿಡಿಯುತ್ತವೆ. ನಮ್ಮ ಅಂಕಿಗಳು ಹತ್ತೇ. ಉಳಿದ ಆರು ಖಾಲಿ ಜಾಗ. ಶಾಲೆಯಲ್ಲಿ ನಾವು ಒಂಬತ್ತು ದಾಟಿದ ಕೂಡಲೇ 'ಕೈಯಲ್ಲಿ ಒಂದು' ಎಂದು ಪಕ್ಕದ ಸ್ಥಾನಕ್ಕೆ ಒಯ್ಯುತ್ತೇವೆ. ನಿಬ್ಬಲ್ ಹದಿನೈದು ದಾಟುವವರೆಗೆ ಕೈಗೆ ಒಂದನ್ನು ಕೊಡುವುದಿಲ್ಲ. ಅದು ಹತ್ತಕ್ಕೇ ಕೊಡುವಂತಾಗಬೇಕಾದರೆ ನಡುವಿನ ಆ ಆರನ್ನು ನಾವೇ ತುಂಬಿಕೊಡಬೇಕು. 1100ಕ್ಕೆ 0110 ಕೂಡಿಸಿ. ನಿಬ್ಬಲ್ ತುಂಬಿ ಒಂದು ಹೊರಕ್ಕೆ ಹಾರುತ್ತದೆ, ಒಳಗೆ 0010 ಉಳಿಯುತ್ತದೆ. ಹತ್ತರ ಮನೆಗೆ 1, ಬಿಡಿ ಮನೆಯಲ್ಲಿ 2.

ಆರು ಏಕಲ್ಲ, ಮೂರು ಏಕೆ?

ಸರಿಸಿದ ಮೇಲೆ ಆರು ಕೂಡಿಸಬಹುದಾದರೆ ಮೂರರ ಮಾತೆಲ್ಲಿ ಬಂತು? ಸರಿಸುವ ಮೊದಲೇ ಮೂರು ಕೂಡಿಸಿದರೆ, ಸರಿಸುವಾಗ ಆ ಮೂರೂ ದುಪ್ಪಟ್ಟಾಗಿ ಆರಾಗುತ್ತದೆ. 6ಕ್ಕೆ 3 ಕೂಡಿಸಿ 9, ಅಂದರೆ 1001. ಎಡಕ್ಕೆ ಸರಿಸಿದರೆ ಮೊದಲ ಬಿಟ್ ಹತ್ತರ ಮನೆಗೆ ಹೋಗಿ, ಇಲ್ಲಿ 0010 ಉಳಿಯುತ್ತದೆ. ಫಲ ಅದೇ.

ಫಲ ಅದೇ ಆದರೂ ಮೊದಲೇ ಕೂಡಿಸುವುದಕ್ಕೆ ಗಟ್ಟಿಯಾದ ಕಾರಣವಿದೆ. 8ನ್ನು ತೆಗೆದುಕೊಳ್ಳಿ. 1000 ಅನ್ನು ಸರಿಸಿದರೆ ಮುಂದಿನ 1 ಪಕ್ಕದ ಮನೆಗೆ ಹಾರಿ, ಇಲ್ಲಿ 0000 ಉಳಿಯುತ್ತದೆ. ನೋಡಿದವರಿಗೆ ಅದು ಹತ್ತು ಎಂದು ಕಾಣುತ್ತದೆ. ಆಗಬೇಕಾದದ್ದು ಹದಿನಾರು. ಬಿಡಿ ಮನೆಯಲ್ಲಿರುವ ಸೊನ್ನೆ ಒಂಬತ್ತಕ್ಕಿಂತ ದೊಡ್ಡದಲ್ಲ, ತಪ್ಪಾಗಿದೆಯೆಂಬ ಗುರುತೇ ಅಲ್ಲಿಲ್ಲ. ಆರು ಕೂಡಿಸಬೇಕೋ ಬೇಡವೋ ಎಂದು ಹೇಳುವ ಸಾಕ್ಷಿ ಸರಿಸಿದ ಕ್ಷಣದಲ್ಲೇ ಆ ಮನೆ ಬಿಟ್ಟು ಹೋಗಿದೆ.

ಸರಿಸುವ ಮೊದಲು ನೋಡಿದರೆ ಈ ಗೊಂದಲವಿಲ್ಲ. ಮನೆಯಲ್ಲಿರುವ ಅಂಕಿ ಸೊನ್ನೆಯಿಂದ ಒಂಬತ್ತರೊಳಗೆ ಇದ್ದೇ ಇರುತ್ತದೆ. ಅದು 4 ಅಥವಾ ಕಡಿಮೆ ಇದ್ದರೆ ದುಪ್ಪಟ್ಟು ಮಾಡಿದರೂ 8 ದಾಟುವುದಿಲ್ಲ, ಕೆಳಗಿನಿಂದ ಒಂದು ಬಂದು ಸೇರಿದರೂ 9. ಸುಮ್ಮನೆ ಬಿಡಬಹುದು. 5 ಅಥವಾ ಹೆಚ್ಚಿದ್ದರೆ ದುಪ್ಪಟ್ಟು ಹತ್ತು ಮುಟ್ಟುವುದು ಖಂಡಿತ, ಮೂರು ಕೂಡಿಸಿಡಬೇಕು. ದೊಡ್ಡ ಅಂಕಿ 9ಕ್ಕೆ ಮೂರು ಸೇರಿದರೂ 12, ನಿಬ್ಬಲ್ ದಾಟಿ ಚೆಲ್ಲುವುದಿಲ್ಲ. ಹಾಗಾಗಿ ಪಕ್ಕದ ಮನೆಯನ್ನು ನೋಡದೆ ಪ್ರತಿ ಮನೆಯ ತೀರ್ಮಾನವನ್ನೂ ಅಲ್ಲೇ ಮಾಡಬಹುದು.

ನಾನು ಹಾಸ್ಟೆಲ್ಲಿನಲ್ಲಿ ತಿಳಿಯದೆ ಹೋದ ಸಂಗತಿ ಇದು. ಮೂರು ಕೂಡಿಸುವುದು ಈಗಿರುವ ಅಂಕಿಯ ತಪ್ಪು ತಿದ್ದಲು ಅಲ್ಲ. ಅಂಕಿ ಈಗ ಸರಿಯಾಗಿಯೇ ಇದೆ. ಮುಂದೆ ಬರಲಿರುವ ದುಪ್ಪಟ್ಟಿಗೆ ಅದನ್ನು ಸಿದ್ಧಮಾಡಲು ಮೂರು ಬೇಕು.

243ರ ಎಂಟು ಹೆಜ್ಜೆ

ಮೂರೂ ಮನೆಗಳು ಕೆಲಸ ಮಾಡುವ ಒಂದು ಸಂಖ್ಯೆಯನ್ನು ಪೂರ್ತಿ ನಡೆಸಿ ನೋಡೋಣ. 243ರ ಬೈನರಿ ರೂಪ 11110011. ನೂರು, ಹತ್ತು, ಬಿಡಿ ಮೂರೂ ಮನೆಗಳಲ್ಲಿ ಮೊದಲು ಸೊನ್ನೆ ಇದೆ. ಪ್ರತಿ ಹೆಜ್ಜೆಯಲ್ಲೂ ಮೊದಲು ಮನೆಗಳನ್ನು ನೋಡಿ, 5 ಅಥವಾ ಹೆಚ್ಚಿದ್ದಲ್ಲಿ ಮೂರು ಕೂಡಿಸಬೇಕು. ಆಮೇಲೆ ಇಡೀ ಸಾಲನ್ನು ಒಂದು ಬಿಟ್ ಎಡಕ್ಕೆ ಸರಿಸಬೇಕು. ಬೈನರಿ ಸಂಖ್ಯೆಯ ಎಡತುದಿಯ ಬಿಟ್ ಬಿಡಿ ಮನೆಯ ಬಲತುದಿಗೆ ಬಂದು ಸೇರುತ್ತದೆ.

ಮೊದಲ ಮೂರು ಹೆಜ್ಜೆಗಳಲ್ಲಿ ಮೂರು ಒಂದುಗಳು ಒಳಗೆ ಬರುತ್ತವೆ. ಬಿಡಿ ಮನೆಯಲ್ಲಿ 1, 3, ಆಮೇಲೆ 7. ಇಲ್ಲಿಯವರೆಗೆ ಯಾವ ಮನೆಯೂ 5 ಮುಟ್ಟಿರಲಿಲ್ಲ. ಈಗ 7 ಇದೆ. ನಾಲ್ಕನೆಯ ಹೆಜ್ಜೆಯನ್ನು ಹತ್ತಿರದಿಂದ ನೋಡಿ.

```
ನೂರು  ಹತ್ತು  ಬಿಡಿ
0000  0000  0111    7
0000  0000  1010    7 + 3
0000  0001  0101    15
```

ನಡುವಿನ ಸಾಲಿನ 1010 ಯಾವ ಅಂಕಿಯೂ ಅಲ್ಲ. ಅದು ಜಿಗಿಯುವ ಮೊದಲು ಮೊಣಕಾಲು ಬಗ್ಗಿಸಿದ ಹಾಗೆ. ಅದನ್ನು ಸರಿಸಿ, ಬರುವ 1ನ್ನು ಒಳಗೆ ಬಿಟ್ಟ ಕೂಡಲೇ ಹತ್ತರ ಮನೆಯಲ್ಲಿ 1, ಬಿಡಿ ಮನೆಯಲ್ಲಿ 5.

ಐದನೆಯ ಹೆಜ್ಜೆಗೆ ಮೊದಲು ಬಿಡಿ ಮನೆಯಲ್ಲಿ 5 ಇದೆ, ಮೂರು ಸೇರಿ 8. ಹತ್ತರ ಮನೆಯ 1ನ್ನು ಮುಟ್ಟುವುದಿಲ್ಲ. ಸರಿಸಿ, ಒಳಬರುವ ಬಿಟ್ 0. ಹತ್ತರ ಮನೆಯ 1 ದುಪ್ಪಟ್ಟಾಗಿ 2, ಬಿಡಿ ಮನೆಯಿಂದ ಬಂದ ಒಂದು ಸೇರಿ 3. ಈಗ 30. ಆರನೆಯದರಲ್ಲಿ 3 ಮತ್ತು 0 ಎರಡೂ ಚಿಕ್ಕವು, ಬರಿಯ ಸರಿಸಾಟ, 60. ಏಳನೆಯದಕ್ಕೆ ಮೊದಲು ಹತ್ತರ ಮನೆಯಲ್ಲಿ 6 ಇದೆ, ಅದಕ್ಕೆ ಮೂರು ಸೇರಿ 9, ಅಂದರೆ 1001. ಸರಿಸಿದಾಗ ಅದರ ಮೊದಲ ಬಿಟ್ ನೂರರ ಮನೆಗೆ ಹೋಗುತ್ತದೆ, ಹತ್ತರಲ್ಲಿ 2 ಉಳಿಯುತ್ತದೆ, ಬಿಡಿಗೆ 1 ಬರುತ್ತದೆ. 121. ಎಂಟನೆಯದರಲ್ಲಿ ಯಾವ ಅಂಕಿಯೂ 5 ಮುಟ್ಟಿಲ್ಲ. ಕೊನೆಯ 1ನ್ನು ಒಳಗೆ ಬಿಟ್ಟು ಸರಿಸಿದರೆ 243.

ಕೈಗೆ ಬಂದ ಸಂಖ್ಯೆಗಳನ್ನು ಸಾಲಾಗಿ ನೋಡಿ: 1, 3, 7, 15, 30, 60, 121, 243. ಹಿಂದಿನಿಂದ ಓದಿದರೆ 243ನ್ನು ಅರ್ಧ ಅರ್ಧ ಮಾಡುತ್ತ, ಉಳಿದ ಅರೆಯನ್ನು ಬಿಡುತ್ತ ಹೋದ ಸಾಲು. ಲೆಕ್ಕ ಎಲ್ಲಿಯಾದರೂ ತಪ್ಪಿದರೆ ಈ ಸಾಲನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಒಡನೆಯೇ ತಿಳಿಯುತ್ತದೆ.

ಅದೇ ಮಾತು, ಅಸೆಂಬ್ಲಿಯಲ್ಲಿ

ಎಟಿಮೆಗಾ8ಕ್ಕೆ ಇದನ್ನು ಹೇಳುವುದು ಹೀಗೆ. ಬದಲಿಸಬೇಕಾದ ಸಂಖ್ಯೆ `r16`ರಲ್ಲಿದೆ. `r17`ರಲ್ಲಿ ಹತ್ತು ಮತ್ತು ಬಿಡಿ ಅಕ್ಕಪಕ್ಕ ಕೂರುತ್ತವೆ, `r18`ರಲ್ಲಿ ನೂರು. `r19` ಎಂಟು ಸುತ್ತು ಎಣಿಸುತ್ತದೆ.

```
bin2bcd:
    clr  r17
    clr  r18
    ldi  r19, 8
loop:
    mov  r20, r17
    subi r20, -0x03
    sbrc r20, 3
    mov  r17, r20

    mov  r20, r17
    subi r20, -0x30
    sbrc r20, 7
    mov  r17, r20

    lsl  r16
    rol  r17
    rol  r18
    dec  r19
    brne loop
    ret
```

ಇಲ್ಲಿ 'ಐದಕ್ಕಿಂತ ಕಡಿಮೆಯೇ?' ಎಂಬ ಹೋಲಿಕೆ ಎಲ್ಲೂ ಕಾಣುವುದಿಲ್ಲ. ಅದರ ಬದಲು ಒಂದು ಜಾಣ ದಾರಿ ಇದೆ. ಅಂಕಿಯ ಒಂದು ನಕಲು `r20`ರಲ್ಲಿ ಮಾಡಿಕೊಂಡು ಅದಕ್ಕೆ ಮೂರು ಕೂಡಿಸಿಯೇ ಬಿಡುತ್ತೇವೆ. ಈ ಚಿಪ್‌ನಲ್ಲಿ ರಿಜಿಸ್ಟರಿಗೆ ನೇರವಾಗಿ ಒಂದು ಸಂಖ್ಯೆ ಕೂಡಿಸುವ ಆಜ್ಞೆ ಇಲ್ಲ, ಕಳೆಯುವ ಆಜ್ಞೆ ಇದೆ. ಆದ್ದರಿಂದ ಋಣ ಮೂರನ್ನು ಕಳೆಯುತ್ತೇವೆ. 5 ಅಥವಾ ಹೆಚ್ಚಿನ ಅಂಕಿಗೆ ಮೂರು ಸೇರಿದರೆ 8 ಅಥವಾ ಹೆಚ್ಚಾಗುತ್ತದೆ, ಆಗ ನಿಬ್ಬಲ್‌ನ ಎಡತುದಿಯ ಬಿಟ್ 1 ಆಗಿಯೇ ತೀರಬೇಕು. 4 ಅಥವಾ ಕಡಿಮೆ ಇದ್ದರೆ ಮೊತ್ತ 7 ದಾಟದು, ಆ ಬಿಟ್ 0. ಹಾಗಾಗಿ ಆ ಒಂದು ಬಿಟ್ ನೋಡಿದರೆ ಸಾಕು. `sbrc` ಮಾಡುವುದು ಅದನ್ನೇ. ಬಿಟ್ ಸೊನ್ನೆಯಾಗಿದ್ದರೆ ಮುಂದಿನ ಸಾಲನ್ನು ದಾಟುತ್ತದೆ, ನಕಲು ಅಲ್ಲೇ ಬಿದ್ದುಹೋಗುತ್ತದೆ. ಒಂದಾಗಿದ್ದರೆ ನಕಲು ಮೂಲದ ಜಾಗಕ್ಕೆ ಬರುತ್ತದೆ.

ಎರಡನೆಯ ನಾಲ್ಕು ಸಾಲು ಹತ್ತರ ಮನೆಗೆ ಅದೇ ಕೆಲಸ ಮಾಡುತ್ತದೆ. ಆ ಮನೆ ನಾಲ್ಕು ಬಿಟ್ ಎಡಕ್ಕಿರುವುದರಿಂದ ಅಲ್ಲಿನ ಮೂರು `0x30` ಆಗುತ್ತದೆ, ನೋಡಬೇಕಾದ ಬಿಟ್ 7ನೆಯದು. ನೂರರ ಮನೆಗೆ ಇದೇನೂ ಬೇಡ. ಎಂಟು ಬಿಟ್‌ನ ದೊಡ್ಡ ಸಂಖ್ಯೆ 255 ಆದ್ದರಿಂದ ಅಲ್ಲಿ 2 ದಾಟುವುದೇ ಇಲ್ಲ.

ಆಮೇಲಿನ ಮೂರು ಸಾಲು ಒಂದೇ ಉಸಿರಿನವು. `lsl` ಬೈನರಿ ಸಂಖ್ಯೆಯ ಎಡತುದಿಯ ಬಿಟ್ಟನ್ನು ಕ್ಯಾರಿಗೆ ತಳ್ಳುತ್ತದೆ. `rol` ಅದನ್ನು ಬಿಡಿ ಮನೆಯ ಬಲತುದಿಗೆ ಎಳೆದುಕೊಂಡು, ತನ್ನ ಎಡತುದಿಯದನ್ನು ಮತ್ತೆ ಕ್ಯಾರಿಗೆ ಕೊಡುತ್ತದೆ. ಮೂರನೆಯದು ಅದನ್ನು ನೂರರ ಮನೆಗೆ ಸೇರಿಸುತ್ತದೆ. ಕ್ಯಾರಿ ಎಂದರೆ ಶಾಲೆಯ 'ಕೈಯಲ್ಲಿ ಒಂದು' ಇದ್ದಂತೆ. ನಡುವೆ ಬೇರೆ ಕೂಡುವ ಕಳೆಯುವ ಆಜ್ಞೆ ತೂರಿಸಿದರೆ ಕೈಯಲ್ಲಿದ್ದದ್ದು ಅಳಿಸಿಹೋಗುತ್ತದೆ.

ನನ್ನ ತಪ್ಪು ಎಲ್ಲಿತ್ತು

ನಾನು ಬರೆದಿದ್ದ ಪ್ರೋಗ್ರಾಮಿನಲ್ಲೂ ಇವೇ ಸಾಲುಗಳಿದ್ದವು. ಕ್ರಮ ಮಾತ್ರ ತಿರುವುಮುರುವಾಗಿತ್ತು. ಮೊದಲು ಸರಿಸಿ, ಆಮೇಲೆ ನೋಡಿ ಮೂರು ಕೂಡಿಸುತ್ತಿದ್ದೆ. ಸುತ್ತು ಸುತ್ತಾಗಿ ನಡೆಯುವ ಕೆಲಸದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದರಿಂದ ಏನು ವ್ಯತ್ಯಾಸ ಎಂದು ಅನಿಸಿತ್ತು. ನಡುವಿನ ಸುತ್ತುಗಳಲ್ಲಿ ನಿಜಕ್ಕೂ ವ್ಯತ್ಯಾಸವಿಲ್ಲ. ಒಂದು ಸುತ್ತಿನ ಕೊನೆಯಲ್ಲಿ ಕೂಡಿಸಿದ್ದು ಮುಂದಿನ ಸುತ್ತಿನ ಸರಿಸಾಟಕ್ಕೆ ಒದಗುತ್ತದೆ. ಆದರೆ ಎಂಟನೆಯ ಸುತ್ತಿನ ನಂತರ ಸರಿಸಾಟವೇ ಇಲ್ಲ. ಅಲ್ಲಿ ಕೂಡಿಸಿದ ಮೂರು ದುಪ್ಪಟ್ಟಾಗಿ ಆರಾಗುವ ಅವಕಾಶ ಸಿಗದೆ, ಮೂರಾಗಿಯೇ ಡಿಸ್‌ಪ್ಲೇಗೆ ಹೋಗುತ್ತದೆ.

24ರಲ್ಲಿ ಎರಡೂ ಅಂಕಿಗಳು ಐದಕ್ಕಿಂತ ಚಿಕ್ಕವು, ಆದ್ದರಿಂದ ಸರಿ. 25ರ ಐದಕ್ಕೆ ಮೂರು ಸೇರಿ 28. 26 ಹೋಗಿ 29. 27ರ ಏಳಕ್ಕೆ ಮೂರು ಸೇರಿ ಹತ್ತು, 7447ಕ್ಕೆ ಹತ್ತರ ಅಂಕಿ ಇಲ್ಲ, ಅದಕ್ಕೇ ಆ ಅರ್ಧಂಬರ್ಧ ಗೀಟುಗಳು. 30 ಮುಟ್ಟಿದಾಗ ಮತ್ತೆ ಚಿಕ್ಕ ಅಂಕಿಗಳು, ಮತ್ತೆ ಎಲ್ಲ ಸರಿ. ನಾನು ಮೊದಲ ಪರೀಕ್ಷೆಗೆ ಆರಿಸಿಕೊಂಡಿದ್ದ ಸಂಖ್ಯೆ ಪುಸ್ತಕದ ಉದಾಹರಣೆಯ 243. ಅದರಲ್ಲಿ ಐದು ಮುಟ್ಟುವ ಒಂದು ಅಂಕಿಯೂ ಇಲ್ಲದ್ದರಿಂದ ತಪ್ಪು ಪ್ರೋಗ್ರಾಮೂ ಅದನ್ನು ಸರಿಯಾಗಿಯೇ ಕೊಟ್ಟಿತ್ತು.

ಅಂದಿನಿಂದ ಇಂಥ ಪ್ರೋಗ್ರಾಮ್ ಬರೆದಾಗಲೆಲ್ಲ ಮೊದಲು ಕೊಡುವ ಸಂಖ್ಯೆಗಳು 5, 9, 10, 99, 100, 199, 255. ಕೊನೆಯ ತಪ್ಪು ಕೂಡಿಕೆ ಇದ್ದರೆ 5 ಎಂಬುದು 8 ಆಗಿ, 255 ಎಂಬುದು 288 ಆಗಿ ಕಾಣುತ್ತದೆ. ಒಂದು ಬೈಟ್ 255 ದಾಟುವಂತಿಲ್ಲವಾದ್ದರಿಂದ 288 ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತದೆ. ಡಿಸ್‌ಪ್ಲೇ ಹಿಂದೆ ಯಾವ ಚಿಪ್ ಇದೆ ಎಂಬುದನ್ನೂ ನೋಡಿಕೊಳ್ಳಬೇಕು. ಒಂಬತ್ತು ದಾಟಿದ ನಿಬ್ಬಲ್ ಬಂದರೆ 7447 ವಿಚಿತ್ರ ಆಕಾರ ತೋರಿಸುತ್ತದೆ, ಹದಿನೈದಕ್ಕೆ ಮಾತ್ರ ಏನೂ ಉರಿಸುವುದಿಲ್ಲ. 4511 ಆದರೆ ಹತ್ತರಿಂದಲೇ ಕತ್ತಲು. ಹಾಗಾಗಿ 4511 ಹಾಕಿದ ಕಡೆ ಒಂದು ಅಂಕಿ ಆಗಾಗ ಆರಿಹೋದರೆ ತಂತಿಯನ್ನು ದೂರುವ ಮೊದಲು ಲೆಕ್ಕವನ್ನು ನೋಡುವುದು ಒಳ್ಳೆಯದು.

ಇನ್ನೊಂದು ತಪ್ಪು ಇದರಷ್ಟೇ ಸಾಮಾನ್ಯ. ಶುರುವಿನಲ್ಲಿ `r17`ನ್ನು ಸೊನ್ನೆ ಮಾಡಲು ಮರೆಯುವುದು. ಆಗ ಹಳೆಯ ಉತ್ತರವೂ ಹೊಸದರ ಜೊತೆ ಎಂಟು ಸಲ ದುಪ್ಪಟ್ಟಾಗುತ್ತದೆ. ಅದೃಷ್ಟಕ್ಕೆ ಮೊದಲ ಸಲ 24 ಬಂದರೆ, ಶಾಖ ಬದಲಾಗದಿದ್ದರೂ ಎರಡನೆಯ ಸಲ 68 ಬರುತ್ತದೆ, ಮೂರನೆಯ ಸಲ 32. ಶಾಖ ನಿಂತಲ್ಲೇ ನಿಂತು ಅಂಕಿ ಮಾತ್ರ ಕುಣಿಯುತ್ತಿದ್ದರೆ ಮೊದಲು ಹುಡುಕಬೇಕಾದ ಜಾಗ ಇದು.

ಆರು ಕೂಡಿಸುವ ಚಿಪ್‌ಗಳು

ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಇಂಟೆಲ್ 8085ರ ಕಿಟ್‌ಗಳ ಮೇಲೆ ಕೈ ಪಳಗಿಸಿದವರಿಗೆ `DAA` ಎಂಬ ಆಜ್ಞೆ ನೆನಪಿರಬಹುದು. ಸರಿಸಿದ ಮೇಲೆ ಸಾಕ್ಷಿ ಕಳೆದುಹೋಗುತ್ತದೆ ಎಂದೆನಲ್ಲ, 8085 ಅದನ್ನು ಕಳೆದುಕೊಳ್ಳುವುದಿಲ್ಲ. ಕೆಳಗಿನ ನಿಬ್ಬಲ್‌ನಿಂದ ಮೇಲಿನದಕ್ಕೆ ಒಂದು ದಾಟಿದರೆ ಅದನ್ನು ಬೇರೆಯೇ ಒಂದು ಫ್ಲ್ಯಾಗಿನಲ್ಲಿ ಗುರುತು ಹಾಕಿಡುತ್ತದೆ. `DAA` ಆ ಗುರುತನ್ನೂ, ನಿಬ್ಬಲ್ ಒಂಬತ್ತು ದಾಟಿದೆಯೇ ಎಂಬುದನ್ನೂ ನೋಡಿ ಆರು ಕೂಡಿಸುತ್ತದೆ. ಹಾಗಾಗಿ ಅಲ್ಲಿ ಒಂದು ಸುತ್ತಿನ ಕೆಲಸ ಇಷ್ಟೇ.

```
    MOV  A, B
    ADD  A
    MOV  B, A
    MOV  A, E
    ADC  A
    DAA
    MOV  E, A
    MOV  A, D
    ADC  A
    MOV  D, A
```

`B`ಯಲ್ಲಿ ಬೈನರಿ ಸಂಖ್ಯೆ, `E`ಯಲ್ಲಿ ಹತ್ತು ಮತ್ತು ಬಿಡಿ, `D`ಯಲ್ಲಿ ನೂರು. ಮೊದಲು `D`, `E` ಎರಡನ್ನೂ ಸೊನ್ನೆ ಮಾಡಿ, ಇದನ್ನು ಎಂಟು ಸಲ ತಿರುಗಿಸಬೇಕು. `ADC A` ತನ್ನನ್ನೇ ತನಗೆ ಕೂಡಿಕೊಂಡು ದುಪ್ಪಟ್ಟಾಗುತ್ತದೆ, ಬರುವ ಬಿಟ್ಟನ್ನೂ ಸೇರಿಸಿಕೊಳ್ಳುತ್ತದೆ. ಎಟಿಮೆಗಾದಲ್ಲಿ ಮೊದಲು ಮೂರು, 8085ರಲ್ಲಿ ಆಮೇಲೆ ಆರು. ಒಳಗಿನ ಲೆಕ್ಕ ಒಂದೇ. ಎಟಿಮೆಗಾದಲ್ಲೂ ಅಂಥದೇ ಫ್ಲ್ಯಾಗ್ ಇದೆ, ಆದರೆ ಅದನ್ನು ಓದಿ ತಾನೇ ಆರು ಕೂಡಿಸುವ ಆಜ್ಞೆ ಇಲ್ಲ. ಇಂಟೆಲ್ ಮಾದರಿಯ ಇಂದಿನ ಕಂಪ್ಯೂಟರುಗಳಲ್ಲೂ 64 ಬಿಟ್ ಸ್ಥಿತಿಯಲ್ಲಿ `DAA` ನಡೆಯುವುದಿಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ

ಈ ವಿಧಾನ ಮೂಲದಲ್ಲಿ ಪ್ರೋಗ್ರಾಮಿಗಾಗಿ ಹುಟ್ಟಿದ್ದಲ್ಲ. 1958ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಾನ್ ಕುಲರ್ ಬೈಡೆಕ್ ಎಂಬ ಹೆಸರಿನಲ್ಲಿ ಇದನ್ನೊಂದು ಸರ್ಕ್ಯೂಟಾಗಿ ವಿವರಿಸಿ ಪ್ರಕಟಿಸಿದರು. ಬೈನರಿಯಿಂದ ದಶಮಾಂಶಕ್ಕೂ ಅಲ್ಲಿಂದ ಹಿಂದಕ್ಕೂ ಅದು ಕೆಲಸ ಮಾಡುತ್ತಿತ್ತು. ಸರ್ಕ್ಯೂಟಿನಲ್ಲಿ ಸರಿಸುವುದೆಂದರೆ ತಂತಿಯನ್ನು ಪಕ್ಕದ ಕಾಲಿಗೆ ಜೋಡಿಸುವುದು, ಖರ್ಚೇ ಇಲ್ಲ. ಉಳಿಯುವುದು ನಾಲ್ಕು ಬಿಟ್ ತೆಗೆದುಕೊಂಡು, ಬೇಕಿದ್ದರೆ ಮೂರು ಸೇರಿಸಿ ಕೊಡುವ ಪುಟ್ಟ ತುಂಡು. ಎಂಟು ಬಿಟ್‌ನ ಸಂಖ್ಯೆಗೆ ಅಂಥ ಏಳು ತುಂಡು ಸಾಕು. ಇಂದಿಗೂ ಸ್ವಂತ ಸರ್ಕ್ಯೂಟ್ ಬರೆಯುವವರು ಇದನ್ನು ಹೀಗೇ ಕಟ್ಟುತ್ತಾರೆ.

ಪ್ರೋಗ್ರಾಮಿನಲ್ಲಿ ಇದೇ ಯಾವಾಗಲೂ ವೇಗದ ದಾರಿ ಎನ್ನುವಂತಿಲ್ಲ. ಮೇಲೆ ಕೊಟ್ಟ ಎಟಿಮೆಗಾ ಪ್ರೋಗ್ರಾಮ್ ಮುಗಿಯಲು 118 ಕ್ಲಾಕ್ ಸೈಕಲ್ ಹಿಡಿಯುತ್ತದೆ. ಚಿಪ್ ಹೊಸತಾಗಿ ಬಂದಾಗಿನ 1 ಮೆಗಾಹರ್ಟ್ಸ್ ವೇಗದಲ್ಲಿ ಅದು 118 ಮೈಕ್ರೋಸೆಕೆಂಡ್. ನೂರನ್ನು ಎಷ್ಟು ಸಲ ಕಳೆಯಬಹುದು, ಹತ್ತನ್ನು ಎಷ್ಟು ಸಲ ಕಳೆಯಬಹುದು ಎಂದು ಎಣಿಸುವ ಸರಳ ದಾರಿ ಎಂಟು ಬಿಟ್‌ನ ಸಂಖ್ಯೆಯನ್ನು ಇದಕ್ಕಿಂತ ಬೇಗ ಮುಗಿಸುತ್ತದೆ. ಆದರೆ ಅದರ ಸಮಯ ಸಂಖ್ಯೆಯ ಮೇಲೆ ನಿಂತಿದೆ. 100ಕ್ಕೆ ಒಂದು, 199ಕ್ಕೆ ಇನ್ನೊಂದು. ಸರಿಸಾಟದ ದಾರಿಯಲ್ಲಿ 0 ಇರಲಿ 255 ಇರಲಿ, ಅದೇ 118. `sbrc` ಮುಂದಿನ ಸಾಲನ್ನು ದಾಟಿದರೂ ದಾಟದಿದ್ದರೂ ಹಿಡಿಯುವ ಹೊತ್ತು ಒಂದೇ ಆಗಿರುವುದು ಇದಕ್ಕೆ ಕಾರಣ. ಡಿಸ್‌ಪ್ಲೇಯ ಅಂಕಿಗಳನ್ನು ಸರದಿಯಲ್ಲಿ ಬೆಳಗಿಸುತ್ತ ಸಮಯ ಲೆಕ್ಕ ಹಾಕುವ ಪ್ರೋಗ್ರಾಮಿಗೆ ಈ ಸ್ಥಿರತೆ ಬೆಲೆಯುಳ್ಳದ್ದು.

ಸಂಖ್ಯೆ ದೊಡ್ಡದಾದರೆ ವಿಧಾನ ಬದಲಾಗುವುದಿಲ್ಲ, ಕೆಲಸ ಮಾತ್ರ ಬೆಳೆಯುತ್ತದೆ. ಹದಿನಾರು ಬಿಟ್‌ನ ಸಂಖ್ಯೆ 65535ರ ತನಕ ಹೋಗುವುದರಿಂದ ಐದು ಮನೆ ಬೇಕು, ಹದಿನಾರು ಸುತ್ತು ಬೇಕು. ಬಿಟ್ ದುಪ್ಪಟ್ಟಾದಾಗ ಸುತ್ತುಗಳೂ ದುಪ್ಪಟ್ಟಾಗುತ್ತವೆ, ಪ್ರತಿ ಸುತ್ತಿನಲ್ಲಿ ನೋಡಬೇಕಾದ ಮನೆಗಳೂ ಹೆಚ್ಚುತ್ತವೆ. ಚಿಪ್‌ನಲ್ಲಿ ವೇಗದ ಭಾಗಾಕಾರವೋ ಗುಣಾಕಾರವೋ ಇದ್ದರೆ ಅಲ್ಲಿ ಅದನ್ನೇ ಬಳಸುವುದು ಲಾಭ.

ನನ್ನ ಥರ್ಮಾಮೀಟರಿಗೆ ಇವ್ಯಾವುವೂ ಬೇಕಿರಲಿಲ್ಲ. ಎಂಟು ಬಿಟ್, ಎರಡು ಅಂಕಿ. ಬದಲಿಸಿದ `r17`ನ್ನು `out PORTD, r17` ಎಂದು ಹಾಗೇ ಹೊರಕ್ಕೆ ಬಿಟ್ಟರೆ ಮೇಲಿನ ನಾಲ್ಕು ಕಾಲು ಒಂದು 7447ಕ್ಕೆ, ಕೆಳಗಿನ ನಾಲ್ಕು ಇನ್ನೊಂದಕ್ಕೆ ಹೋಗುತ್ತಿದ್ದವು. ಮೇಷ್ಟ್ರು ಕೇಳಿದ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಆ ಸಂಜೆ ಮೂರು ಸಾಲನ್ನು ಮೇಲಿನಿಂದ ತೆಗೆದು ಕೆಳಗೆ ಹಾಕಿದೆ. ಒಂದಕ್ಷರವನ್ನೂ ಹೊಸದಾಗಿ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ತಿಂಡಿಗೆ ಹೋಗದೆ ಅದರ ಮುಂದೆ ಕೂತಿದ್ದೆ. ಒಂಬತ್ತು ಗಂಟೆಯ ಸುಮಾರಿಗೆ 24 ಒಮ್ಮೆ ಮಿನುಗಿ 25 ಆಯಿತು.